ಕಳೆದ ವರ್ಷ ಸೊನ್ನೆ, ಈ ವರ್ಷ ಹದಿನೈದು ಸಾವಿರ: ಶೇಕಡಾ ಎಷ್ಟು ಏರಿಕೆ?

ಎರಡು ಅವಧಿಗಳ ವ್ಯಾಪಾರವನ್ನು ಹೋಲಿಸುವ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ. ಹೊಸ ಮೊತ್ತದಿಂದ ಹಳೆಯ ಮೊತ್ತ ಕಳೆಯಬೇಕು, ಉಳಿದದ್ದನ್ನು ಹಳೆಯ ಮೊತ್ತದಿಂದ ಭಾಗಿಸಬೇಕು, ನೂರರಿಂದ ಗುಣಿಸಬೇಕು. ಎಕ್ಸೆಲ್‌ನಲ್ಲಾಗಲಿ ಗೂಗಲ್ ಶೀಟ್ಸ್‌ನಲ್ಲಾಗಲಿ `=(C2-B2)/B2` ಎಂದು ಬರೆದು ಕೆಳಕ್ಕೆ ಎಳೆದರೆ ಇಡೀ ಕಾಲಂ ತುಂಬುತ್ತದೆ. ತೊಂದರೆ ಬರುವುದು ಹಳೆಯ ಮೊತ್ತ ಸೊನ್ನೆ ಇರುವ ಸಾಲಿನಲ್ಲಿ. ಅಲ್ಲಿ `#DIV/0!` ಎಂದು ಕಾಣಿಸಿಕೊಳ್ಳುತ್ತದೆ. ಆ ಕಾಲಂನ ಸರಾಸರಿ ತೆಗೆಯಲು ಹೋದರೆ ಅಲ್ಲೂ ಅದೇ ದೋಷ.

ಬಹಳ ಜನ ಇದನ್ನು ಮುಚ್ಚಲು ಬಳಸುವುದು `IFERROR`. ದೋಷ ಬಂದರೆ ಸೊನ್ನೆ ತೋರಿಸು ಎಂದು ಹೇಳಿದರೆ ಶೀಟ್ ಸ್ವಚ್ಛವಾಗಿ ಕಾಣುತ್ತದೆ. ಆದರೆ ಕಳೆದ ವರ್ಷ ಇಲ್ಲದ, ಈ ವರ್ಷ ಹದಿನೈದು ಸಾವಿರ ರೂಪಾಯಿಗೆ ಮಾರಾಟವಾದ ಸರಕಿನ ಎದುರು ‘0%’ ಬಂದು ಕೂರುತ್ತದೆ. ಓದಿದವರು ಅದನ್ನು ‘ಏನೂ ಬದಲಾಗಿಲ್ಲ’ ಎಂದೇ ತಿಳಿಯುತ್ತಾರೆ. ಕೆಲವರು ಸೊನ್ನೆಯ ಬದಲು 100% ತೋರಿಸುತ್ತಾರೆ. ಅದೂ ಸುಳ್ಳೇ. ಶೇಕಡಾ ನೂರು ಏರಿಕೆ ಎಂದರೆ ದುಪ್ಪಟ್ಟಾಯಿತು ಎಂದರ್ಥ, ಸೊನ್ನೆಯ ದುಪ್ಪಟ್ಟು ಸೊನ್ನೆಯೇ. ಸೊನ್ನೆಯಿಂದ ಭಾಗಿಸಿದ ರಾಶಿಯನ್ನು 12ನೇ ಶತಮಾನದಲ್ಲೇ ಭಾಸ್ಕರಾಚಾರ್ಯರು ‘ಖಹರ’ ಎಂದು ಪ್ರತ್ಯೇಕವಾಗಿ ಇಟ್ಟು, ಅದನ್ನು ಅನಂತವೆಂದು ಬಗೆದರು. ನಮ್ಮ ವ್ಯಾಪಾರದ ಲೆಕ್ಕದಲ್ಲಿ ಅನಂತವೂ ಉಪಯೋಗಕ್ಕೆ ಬಾರದು. ಅಲ್ಲಿ ಶೇಕಡಾವಾರು ಉತ್ತರವೇ ಇಲ್ಲ, ಹಾಗಾಗಿ ಅಂಕಿಯ ಜಾಗದಲ್ಲಿ ಒಂದು ಮಾತನ್ನು ಇಡಬೇಕು. ಯಾವ ಮಾತು ಎನ್ನುವುದನ್ನು ಶೀಟ್ ತಾನಾಗಿಯೇ ಸರಿಯಾಗಿ ಆರಿಸುವಂತೆ ಮಾಡುವುದು ಹೇಗೆಂದು ಇಲ್ಲಿ ನೋಡೋಣ.

ಒಂದು ಗೃಹೋದ್ಯಮದ ಲೆಕ್ಕ

ಶಿರಸಿ ಸೀಮೆಯ ತಿನಿಸು, ಉಪ್ಪಿನಕಾಯಿ ಮಾರುವ ಒಂದು ಪುಟ್ಟ ಗೃಹೋದ್ಯಮವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಕಿಗಳು ವಿವರಣೆಗೆಂದು ಮಾಡಿಕೊಂಡವು. 2024ರ ಏಪ್ರಿಲ್ ಮತ್ತು 2025ರ ಏಪ್ರಿಲ್ ಮಾರಾಟ ರೂಪಾಯಿಗಳಲ್ಲಿ ಹೀಗಿದೆ:

| ಸರಕು | ಏಪ್ರಿಲ್ 2024 | ಏಪ್ರಿಲ್ 2025 |
|---|---|---|
| ಹಲಸಿನ ಹಪ್ಪಳ | 18,000 | 21,600 |
| ಅಪ್ಪೆಮಿಡಿ ಉಪ್ಪಿನಕಾಯಿ | 24,000 | 22,800 |
| ಚಟ್ನಿಪುಡಿ | 6,000 | 7,500 |
| ಜೋನಿ ಬೆಲ್ಲ | 12,000 | 0 |
| ಕೋಕಂ ಸಿರಪ್ | 0 | 15,000 |
| ಬಾಳೆಕಾಯಿ ಹಪ್ಪಳ | 0 | 4,500 |
| ಸಾಂಬಾರ್ ಪುಡಿ | 200 | 1,400 |
| ತೊಡೆದೇವು | 0 | 0 |

ಮಾರ್ಚ್ ಬಿಟ್ಟು ಹಿಂದಿನ ವರ್ಷದ ಏಪ್ರಿಲ್ ಜತೆಗೇ ಹೋಲಿಸಿರುವುದಕ್ಕೆ ಕಾರಣವಿದೆ. ಹಲಸು, ಅಪ್ಪೆಮಿಡಿಯಂಥವು ಋತುವಿನ ಸರಕು. ಕಳೆದ ತಿಂಗಳ ಜತೆ ಹೋಲಿಸುತ್ತಾ ಹೋದರೆ ಪ್ರತಿ ವರ್ಷ ಹಂಗಾಮು ಶುರುವಾದಾಗ ಹಲಸಿನ ಹಪ್ಪಳ ಸೊನ್ನೆಯಿಂದ ಏಳುತ್ತದೆ, ಹಂಗಾಮು ಮುಗಿದಾಗ ಸೊನ್ನೆಗೆ ಬೀಳುತ್ತದೆ. ವರ್ಷಗಳಿಂದ ಮಾರುತ್ತಿರುವ ಹಪ್ಪಳಕ್ಕೆ ಪ್ರತಿ ಬೇಸಿಗೆಯಲ್ಲೂ ‘ಹೊಸದು’ ಎಂಬ ಚೀಟಿ ಅಂಟಿಕೊಳ್ಳುತ್ತದೆ. ಭಾಗಾಕಾರದ ದೋಷಗಳಲ್ಲಿ ಒಂದು ಪಾಲು ಹೋಲಿಕೆಯ ಅವಧಿಯನ್ನು ಸರಿಯಾಗಿ ಆರಿಸಿದರೇ ಮಾಯವಾಗುತ್ತದೆ. ದಿನಸಿಯಂಥ ವರ್ಷವಿಡೀ ಓಡುವ ಸರಕಿಗೆ ತಿಂಗಳಿಂದ ತಿಂಗಳ ಹೋಲಿಕೆ ನಡೆಯುತ್ತದೆ, ಹಂಗಾಮಿನ ಸರಕಿಗೆ ನಡೆಯದು.

ಪಟ್ಟಿಯಲ್ಲಿ ಸೊನ್ನೆ ಇರುವ ಸಾಲುಗಳನ್ನು ಮತ್ತೊಮ್ಮೆ ನೋಡಿ. ಕೋಕಂ ಸಿರಪ್ 2024ರ ಏಪ್ರಿಲ್‌ನಲ್ಲಿ ಇರಲೇ ಇಲ್ಲ, ಆಮೇಲೆ ಶುರುವಾದದ್ದು. ಬಾಳೆಕಾಯಿ ಹಪ್ಪಳ 2022ರಿಂದಲೂ ಇದೆ, ಆ ಏಪ್ರಿಲ್‌ನಲ್ಲಿ ದಾಸ್ತಾನು ಇರಲಿಲ್ಲ ಅಷ್ಟೆ. ಆಲೆಮನೆ ಮುಗಿದ ಮೇಲಿನ ತಿಂಗಳಾದ್ದರಿಂದ ತೊಡೆದೇವು ಎರಡೂ ಏಪ್ರಿಲ್‌ನಲ್ಲಿ ಮಾರಾಟವಾಗಿಲ್ಲ. ಮೂರೂ ಸಾಲುಗಳಲ್ಲಿ `#DIV/0!` ಒಂದೇ ರೀತಿ ಬರುತ್ತದೆ, ಮೂರರ ಹಿಂದಿನ ಸಂಗತಿ ಮಾತ್ರ ಬೇರೆ ಬೇರೆ. ಒಂದು ಹೊಸದು, ಒಂದು ಮರಳಿ ಬಂದದ್ದು, ಇನ್ನೊಂದರ ಬಗ್ಗೆ ಹೇಳಲು ಏನೂ ಇಲ್ಲ. ಬಾಳೆಕಾಯಿ ಹಪ್ಪಳವನ್ನು ‘ಹೊಸದು’ ಎಂದು ಗುರುತಿಸಿಬಿಟ್ಟರೆ, ಹೋದ ವರ್ಷ ದಾಸ್ತಾನು ಮುಗಿದು ಗಿರಾಕಿ ಬರಿಗೈಲಿ ಹೋದ ಸಂಗತಿ ಲೆಕ್ಕದಿಂದಲೇ ಅಳಿಸಿಹೋಗುತ್ತದೆ.

ಪಟ್ಟಿ ವಹಿಯಿಂದಲೇ ಬರಲಿ

ಎರಡು ತಿಂಗಳ ಮೊತ್ತವನ್ನು ಕೈಯಿಂದ ತುಂಬುವ ಬದಲು, ಪ್ರತಿ ಮಾರಾಟವನ್ನೂ ಬರೆದಿಡುವ ಒಂದು ವಹಿಯ ಶೀಟ್ ಇಟ್ಟುಕೊಳ್ಳಿ. ಅದಕ್ಕೆ `Sales` ಎಂದು ಹೆಸರಿಡೋಣ. A ಕಾಲಂನಲ್ಲಿ ತಾರೀಖು, B ಯಲ್ಲಿ ಸರಕಿನ ಹೆಸರು, C ಯಲ್ಲಿ ಮೊತ್ತ. ಹೋಲಿಕೆಯ ಶೀಟ್ ಇನ್ನೊಂದು. ಅದರ J1 ರಿಂದ J4 ರವರೆಗೆ ನಾಲ್ಕು ತಾರೀಖುಗಳನ್ನು ಬರೆಯಿರಿ: ಹಳೆಯ ಅವಧಿಯ ಮೊದಲ ದಿನ, ಕೊನೆಯ ದಿನ, ಹೊಸ ಅವಧಿಯ ಮೊದಲ ದಿನ, ಕೊನೆಯ ದಿನ. ಮುಂದಿನ ತಿಂಗಳು ಈ ನಾಲ್ಕನ್ನು ಬದಲಿಸಿದರೆ ಸಾಕು. J5 ರ ಬಗ್ಗೆ ಆಮೇಲೆ ಹೇಳುತ್ತೇನೆ.

ಸರಕಿನ ಹೆಸರುಗಳನ್ನು ಕಳೆದ ವರ್ಷದ ಪಟ್ಟಿಯಿಂದ ನಕಲು ಮಾಡಬೇಡಿ. ಹಾಗೆ ಮಾಡಿದರೆ ಹೊಸ ಸರಕು ಪಟ್ಟಿಯಲ್ಲೇ ಇರುವುದಿಲ್ಲ. ದೋಷವೂ ಬರದು, ಹೆಸರೂ ಕಾಣದು. ಈ ವರ್ಷದ ಪಟ್ಟಿಯನ್ನಷ್ಟೇ ಹಿಡಿದರೆ ನಿಂತುಹೋದ ಜೋನಿ ಬೆಲ್ಲ ಕಣ್ಮರೆಯಾಗುತ್ತದೆ. ಇಡೀ ವಹಿಯಲ್ಲಿ ಬಂದ ಪ್ರತಿ ಹೆಸರೂ ಒಮ್ಮೆ ಬರಬೇಕು. ಗೂಗಲ್ ಶೀಟ್ಸ್‌ನಲ್ಲೂ ಈಚಿನ ಎಕ್ಸೆಲ್‌ನಲ್ಲೂ A2 ಸೆಲ್‌ನಲ್ಲಿ `=UNIQUE(Sales!B2:B5000)` ಎಂದು ಬರೆದರೆ ಆ ಕೆಲಸ ಆಗುತ್ತದೆ. ವಹಿಯಲ್ಲಿ ಖಾಲಿ ಸಾಲುಗಳಿದ್ದರೆ ಕೊನೆಯಲ್ಲೊಂದು ಖಾಲಿ ಹೆಸರೋ ಸೊನ್ನೆಯೋ ಬರುತ್ತದೆ, ಆ ಸಾಲನ್ನು ಬಿಟ್ಟುಬಿಡಿ. ಹಳೆಯ ಎಕ್ಸೆಲ್ ಇರುವವರು ಹೆಸರುಗಳನ್ನು ನಕಲಿಸಿ Data ಮೆನುವಿನ Remove Duplicates ಬಳಸಬಹುದು.

ಈಗ B2 ರಲ್ಲಿ ಹಳೆಯ ಅವಧಿಯ ಮೊತ್ತ:

```
=ROUND(SUMIFS(Sales!$C:$C,Sales!$B:$B,$A2,
 Sales!$A:$A,">="&$J$1,Sales!$A:$A,"<="&$J$2),2)
```

C2 ರಲ್ಲೂ ಇದನ್ನೇ ಬರೆದು `$J$1`, `$J$2` ಬದಲು `$J$3`, `$J$4` ಮಾಡಿ. `ROUND` ಯಾಕೆಂದರೆ, ಪೈಸೆಗಳಿರುವ ಮಾರಾಟ ಮತ್ತು ವಾಪಸಾತಿಗಳನ್ನು ಕೂಡಿ ಕಳೆದಾಗ ಸೊನ್ನೆ ಬರಬೇಕಾದಲ್ಲಿ ಕಂಪ್ಯೂಟರ್ ಕೆಲವೊಮ್ಮೆ ದಶಮಾಂಶದ ಎಷ್ಟೋ ಸ್ಥಾನಗಳಾಚೆ ಒಂದು ಚೂರನ್ನು ಉಳಿಸಿಕೊಂಡಿರುತ್ತದೆ. ಕಣ್ಣಿಗೆ ಅದು ಸೊನ್ನೆಯಂತೆಯೇ ಕಾಣುತ್ತದೆ, ಸೂತ್ರಕ್ಕೆ ಸೊನ್ನೆಯಲ್ಲ. ಆ ಚೂರಿನಿಂದ ಭಾಗಿಸಿದರೆ ಕೋಟಿ ಕೋಟಿ ಪರ್ಸೆಂಟ್ ಏರಿಕೆ ಬರುತ್ತದೆ. ಎರಡು ಸ್ಥಾನಕ್ಕೆ ಸುತ್ತಿಬಿಟ್ಟರೆ ಆ ಗೊಡವೆ ಇಲ್ಲ.

D2 ರಲ್ಲಿ ರೂಪಾಯಿ ವ್ಯತ್ಯಾಸ, `=C2-B2`. ಇದನ್ನು ಎಂದೂ ಬಿಡಬೇಡಿ. ಶೇಕಡಾ ಕಾಲಂ ಬಾಯಿ ಮುಚ್ಚಿದಲ್ಲೆಲ್ಲ ಮಾತಾಡುವುದು ಇದೊಂದೇ.

ಇನ್ನು ಹೊಸದೋ ಮರಳಿದ್ದೋ ಎಂದು ತೀರ್ಮಾನಿಸಲು ಒಂದು ಸಾಕ್ಷಿ ಬೇಕು. ಎರಡು ತಿಂಗಳ ಮೊತ್ತ ನೋಡಿ ಅದನ್ನು ಹೇಳಲಾಗದು. ಆ ಸರಕು ವಹಿಯಲ್ಲಿ ಮೊದಲು ಕಾಣಿಸಿಕೊಂಡ ತಾರೀಖೇ ಸಾಕ್ಷಿ. G2 ರಲ್ಲಿ:

```
=MINIFS(Sales!$A:$A,Sales!$B:$B,$A2)
```

ಉತ್ತರ 45,000ದ ಆಸುಪಾಸಿನ ಒಂದು ಸಂಖ್ಯೆಯಾಗಿ ಬಂದರೆ ಗಾಬರಿ ಬೇಡ, ಸೆಲ್‌ಗೆ ತಾರೀಖಿನ ಫಾರ್ಮ್ಯಾಟ್ ಕೊಟ್ಟರೆ ಸರಿಹೋಗುತ್ತದೆ. ಈ ತಾರೀಖು ಹಳೆಯ ಅವಧಿಯ ಕೊನೆಯ ದಿನದ ನಂತರದ್ದಾದರೆ ಸರಕು ಹೊಸದು, ಅದಕ್ಕಿಂತ ಹಿಂದಿನದಾದರೆ ಮರಳಿ ಬಂದದ್ದು. ಈ ಸಾಕ್ಷಿ ನಿಮ್ಮ ವಹಿ ಎಷ್ಟು ಹಿಂದಿನದೋ ಅಷ್ಟೇ ಗಟ್ಟಿ. ವಹಿ 2024ರ ಏಪ್ರಿಲ್‌ನಿಂದಲೇ ಶುರುವಾಗಿದ್ದರೆ ಬಾಳೆಕಾಯಿ ಹಪ್ಪಳದ ಹಳೆಯ ಮಾರಾಟ ಅದರಲ್ಲಿ ಇರುವುದಿಲ್ಲ, ಆಗ ಅದೂ ‘ಹೊಸದು’ ಆಗಿಬಿಡುತ್ತದೆ. ಅಂಥ ಸರಕುಗಳಿಗೆ G ಕಾಲಂನಲ್ಲಿ ನಿಮಗೆ ಗೊತ್ತಿರುವ ಆರಂಭದ ತಾರೀಖನ್ನು ಕೈಯಿಂದಲೇ ಬರೆಯಿರಿ.

ಅಂಕಿ ಒಂದು ಕಾಲಂ, ಮಾತು ಇನ್ನೊಂದು ಕಾಲಂ

ಶೇಕಡಾ ಮತ್ತು ‘ಹೊಸದು’ ಎರಡನ್ನೂ ಒಂದೇ ಕಾಲಂನಲ್ಲಿ ತುರುಕುವುದು ಸಾಮಾನ್ಯ. ನೋಡಲು ಚೆಂದ, ಕೆಲಸಕ್ಕೆ ತೊಡಕು. ಎಕ್ಸೆಲ್ ಯಾವುದೇ ಅಕ್ಷರವನ್ನು ಯಾವುದೇ ಸಂಖ್ಯೆಗಿಂತ ದೊಡ್ಡದೆಂದು ಭಾವಿಸುತ್ತದೆ. ಹೀಗಾಗಿ ಇಳಿಕೆ ಕ್ರಮದಲ್ಲಿ ವಿಂಗಡಿಸಿದರೆ ‘ಹೊಸದು’ ಎಂಬ ಸಾಲುಗಳೇ ಮೇಲಕ್ಕೆ ಬಂದು ಕೂರುತ್ತವೆ. ಎರಡು ಕಾಲಂ ಮಾಡಿಕೊಳ್ಳುವುದೇ ಒಳ್ಳೆಯದು. E2 ರಲ್ಲಿ ಶೇಕಡಾ:

```
=IF(AND(B2>0,B2>=$J$5,C2>=0),C2/B2-1,"")
```

F2 ರಲ್ಲಿ ಸ್ಥಿತಿ:

```
=IF(OR(B2<0,C2<0),"ಪರಿಶೀಲಿಸಿ",
 IF(AND(B2=0,C2=0),"ಮಾರಾಟವಿಲ್ಲ",
 IF(C2=0,"ನಿಂತಿದೆ",
 IF(B2=0,IF(G2>$J$2,"ಹೊಸದು","ಮರಳಿದೆ"),
 IF(B2<$J$5,"ಮೂಲ ಸಣ್ಣದು","")))))
```

`IFERROR` ಎಲ್ಲೂ ಇಲ್ಲ ಎನ್ನುವುದನ್ನು ಗಮನಿಸಿ. ಅದು ಸೊನ್ನೆಯ ಭಾಗಾಕಾರವನ್ನಷ್ಟೇ ಅಲ್ಲ, ತಪ್ಪು ಹೆಸರು, ಅಳಿದ ಕಾಲಂ, ಅಕ್ಷರ ಸೇರಿದ ಮೊತ್ತ, ಎಲ್ಲ ದೋಷವನ್ನೂ ಒಂದೇ ಚಾಪೆಯಡಿ ಸರಿಸಿಬಿಡುತ್ತದೆ. ನಮಗೆ ಗೊತ್ತಿರುವ ಒಂದು ದೋಷವನ್ನು ನಾವೇ ಮೊದಲು ಕೇಳಿ ತಪ್ಪಿಸಿದರೆ, ಗೊತ್ತಿಲ್ಲದ ದೋಷ ಬಂದಾಗ ಅದು ಕಣ್ಣಿಗೆ ಬೀಳುತ್ತದೆ. ಬೀಳಲೇಬೇಕು.

ಜೋನಿ ಬೆಲ್ಲದ ಸಾಲಿನಲ್ಲಿ E ಕಾಲಂ −100% ತೋರಿಸುತ್ತದೆ, F ‘ನಿಂತಿದೆ’ ಎನ್ನುತ್ತದೆ. ಇಲ್ಲಿ ಹಳೆಯ ಮೊತ್ತ ಇರುವುದರಿಂದ ಭಾಗಾಕಾರಕ್ಕೆ ತೊಂದರೆ ಇಲ್ಲ, −100% ಎಂಬುದು ನಿಜವಾದ ಅಂಕಿ. ಅದನ್ನು ಮರೆಮಾಡಬಾರದು.

‘ಪರಿಶೀಲಿಸಿ’ ಎಂಬುದು ಋಣ ಮೊತ್ತಕ್ಕೆ. ಒಂದು ತಿಂಗಳಲ್ಲಿ ಮಾರಿದ್ದಕ್ಕಿಂತ ವಾಪಸು ಬಂದದ್ದೇ ಹೆಚ್ಚಾದರೆ ಮೊತ್ತ −1,000 ಆಗಬಹುದು. ಮುಂದಿನ ವರ್ಷ ಅದು 2,000 ಆದರೆ ಸಾದಾ ಸೂತ್ರ −300% ಎನ್ನುತ್ತದೆ, ಅಂದರೆ ಚೇತರಿಕೆಯನ್ನು ಕುಸಿತವೆಂದು ತೋರಿಸುತ್ತದೆ. ಚಿಹ್ನೆ ಸರಿಪಡಿಸಲು ಕೆಲವರು `ABS(B2)` ಯಿಂದ ಭಾಗಿಸುತ್ತಾರೆ. ಚಿಹ್ನೆ ಸರಿಯಾದರೂ 300 ಎಂಬ ಸಂಖ್ಯೆಗೆ ಅರ್ಥ ಹುಟ್ಟುವುದಿಲ್ಲ. ಕಂಪನಿಯೊಂದು ನಷ್ಟದಿಂದ ಲಾಭಕ್ಕೆ ಬಂದಾಗ ವಾಣಿಜ್ಯ ಪುಟದ ವರದಿಗಳು ಎರಡೂ ಮೊತ್ತವನ್ನು ಕೊಟ್ಟು ‘ನಷ್ಟದಿಂದ ಲಾಭಕ್ಕೆ’ ಎಂದು ಬರೆಯುವುದು ಇದೇ ಕಾರಣಕ್ಕೆ. ನಾವೂ D ಕಾಲಂನ ರೂಪಾಯಿ ವ್ಯತ್ಯಾಸಕ್ಕೆ ನಿಲ್ಲುವುದು ಸರಿ.

ಇನ್ನು J5. ಸಾಂಬಾರ್ ಪುಡಿ 200 ರಿಂದ 1,400 ಕ್ಕೆ ಏರಿದೆ, ಅಂದರೆ ಶೇ 600 ಏರಿಕೆ. ಸೂತ್ರ ತಪ್ಪಿಲ್ಲ, ದೋಷವೂ ಬಂದಿಲ್ಲ. ಆದರೆ ಪಟ್ಟಿಯ ತಲೆಯ ಮೇಲೆ ನಿಲ್ಲುವ ಈ ಅಂಕಿಯ ಹಿಂದಿರುವುದು 1,200 ರೂಪಾಯಿ. ಹಲಸಿನ ಹಪ್ಪಳ ಬರೀ ಶೇ 20 ಏರಿದರೂ 3,600 ರೂಪಾಯಿ ತಂದಿದೆ. ಸೊನ್ನೆಗೆ ಹತ್ತಿರದ ಮೂಲ, ಸೊನ್ನೆಯಷ್ಟೇ ದಾರಿ ತಪ್ಪಿಸುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದಕ್ಕೆ J5 ರಲ್ಲಿ ಒಂದು ಕನಿಷ್ಠ ಮೊತ್ತ ಇಡಿ. ಈ ಉದ್ಯಮಕ್ಕೆ 1,000 ಸಾಕು. ಅದಕ್ಕಿಂತ ಕೆಳಗಿನ ಮೂಲವಿದ್ದರೆ ಶೇಕಡಾ ಬರುವುದಿಲ್ಲ, ‘ಮೂಲ ಸಣ್ಣದು’ ಎಂಬ ಮಾತು ಬರುತ್ತದೆ. ಎಷ್ಟು ಇಡಬೇಕೆಂಬುದು ನಿಮ್ಮ ವ್ಯಾಪಾರದ ಗಾತ್ರಕ್ಕೆ ಬಿಟ್ಟದ್ದು. ಒಮ್ಮೆ ಇಟ್ಟ ಮೇಲೆ ಅನುಕೂಲಕ್ಕೆ ತಕ್ಕಂತೆ ತಿಂಗಳಿಗೊಮ್ಮೆ ಬದಲಿಸಬೇಡಿ.

E ಕಾಲಂಗೆ `+0.0%;-0.0%;0.0%` ಎಂಬ ಫಾರ್ಮ್ಯಾಟ್ ಕೊಟ್ಟರೆ ಏರಿಕೆಗೂ ಚಿಹ್ನೆ ಬರುತ್ತದೆ. ಏರಿದ್ದಕ್ಕೆ ಹಸಿರು ಬಣ್ಣ ಬೇಕೆಂದರೆ ‘ಸೊನ್ನೆಗಿಂತ ಹೆಚ್ಚು’ ಎಂಬ ಸಿದ್ಧ ನಿಯಮವನ್ನು ಬಳಸಬೇಡಿ. ಆಗಲೇ ಹೇಳಿದಂತೆ ಎಕ್ಸೆಲ್‌ಗೆ ಅಕ್ಷರವೆಲ್ಲ ಸಂಖ್ಯೆಗಿಂತ ದೊಡ್ಡದು, `""` ಎಂಬ ಖಾಲಿ ಅಕ್ಷರವೂ ಹಾಗೆಯೇ. ಖಾಲಿ ಕಾಣುವ ಸೆಲ್‌ಗಳೂ ಹಸಿರಾಗುತ್ತವೆ. ನಿಯಮಕ್ಕೆ `=AND(ISNUMBER(E2),E2>0)` ಎಂಬ ಸೂತ್ರ ಕೊಡಿ.

ಒಟ್ಟು ಏರಿಕೆ ಎಷ್ಟು?

ಪಟ್ಟಿಯ ಕೊನೆಗೆ ಎಲ್ಲರೂ ಕೇಳುವುದು ಇದನ್ನೇ. ಶೇಕಡಾ ಕಾಲಂನ ಸರಾಸರಿ ತೆಗೆದು ಉತ್ತರ ಹೇಳುವವರಿದ್ದಾರೆ. ನಮ್ಮ ಪಟ್ಟಿಯಲ್ಲಿ ಕನಿಷ್ಠ ಮೊತ್ತದ ನಿಯಮ ಇಲ್ಲದಿದ್ದರೆ ಆ ಸರಾಸರಿ 20, −5, 25, −100 ಮತ್ತು 600 ರದ್ದು, ಅಂದರೆ ಶೇ 108. ವ್ಯಾಪಾರ ದುಪ್ಪಟ್ಟಾಯಿತು ಎಂದಂತಾಯಿತು. ಒಟ್ಟು ಮೊತ್ತ ನೋಡಿದರೆ 60,200 ಇದ್ದದ್ದು 72,800 ಆಗಿದೆ. ಏರಿಕೆ ಶೇ 20.9. ಶೇಕಡಾಗಳ ಸರಾಸರಿ ಸಾಮಾನ್ಯವಾಗಿ ಒಟ್ಟಿನ ಶೇಕಡಾ ಆಗದು. ಮೊತ್ತಗಳನ್ನು ಕೂಡಿ, ಆಮೇಲೆ ಭಾಗಿಸಬೇಕು: `=SUM(C2:C9)/SUM(B2:B9)-1`.

ಈ 20.9 ನಿಜ, ಆದರೆ ಅದರೊಳಗೆ ಹೊಸ ಸರಕೂ ಸೇರಿದೆ, ನಿಂತ ಸರಕೂ ಸೇರಿದೆ. ಹಳೆಯ ಸರಕುಗಳು ತಮ್ಮಷ್ಟಕ್ಕೆ ಹೇಗೆ ನಡೆದಿವೆ ಎಂದು ತಿಳಿಯಲು ಎರಡೂ ಅವಧಿಯಲ್ಲಿ ಮಾರಾಟವಾದವನ್ನು ಮಾತ್ರ ಹೋಲಿಸಬೇಕು. ಚಿಲ್ಲರೆ ಮಾರಾಟದ ದೊಡ್ಡ ಕಂಪನಿಗಳು ಹೊಸದಾಗಿ ತೆರೆದ ಮಳಿಗೆಗಳನ್ನು ಬಿಟ್ಟು ಹಳೆಯ ಮಳಿಗೆಗಳ ಬೆಳವಣಿಗೆಯನ್ನು ಬೇರೆಯಾಗಿ ಹೇಳುವುದೂ ಇದೇ ಲೆಕ್ಕ.

```
=SUMIFS(C2:C9,B2:B9,">0",C2:C9,">0")
 /SUMIFS(B2:B9,B2:B9,">0",C2:C9,">0")-1
```

ಇದರ ಉತ್ತರ ಶೇ 10.6. ನಾಲ್ಕು ಸರಕುಗಳು 48,200 ರಿಂದ 53,300 ಕ್ಕೆ ಏರಿವೆ. ಉಳಿದದ್ದನ್ನು ರೂಪಾಯಿಯಲ್ಲೇ ಹೇಳಬಹುದು. ಒಟ್ಟು 12,600 ರೂಪಾಯಿ ಏರಿಕೆಯಲ್ಲಿ ಹಳೆಯ ಸರಕಿನಿಂದ 5,100, ಹೊಸ ಕೋಕಂ ಸಿರಪ್‌ನಿಂದ 15,000, ಮರಳಿದ ಬಾಳೆಕಾಯಿ ಹಪ್ಪಳದಿಂದ 4,500 ಬಂದಿದೆ. ಜೋನಿ ಬೆಲ್ಲ ನಿಂತದ್ದರಿಂದ 12,000 ಹೋಗಿದೆ. ಶೇಕಡಾ ಹೇಳಲಾಗದ ಸರಕುಗಳೇ ಈ ಲೆಕ್ಕದಲ್ಲಿ ಅತಿ ದೊಡ್ಡ ಸುದ್ದಿ. ಕೋಕಂ ಸಿರಪ್ ಎದುರು 0% ಎಂದು ಬರೆದು ಸುಮ್ಮನಾಗಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸುಳ್ಳು ‘ಹೊಸದು’ ಹಿಡಿಯುವ ಬಗೆ

ಒಂದೇ ಪಟ್ಟಿಯಲ್ಲಿ ಒಂದು ಸರಕು ‘ನಿಂತಿದೆ’, ಅದನ್ನೇ ಹೋಲುವ ಹೆಸರಿನದು ‘ಹೊಸದು’ ಎಂದು ಬಂದಿದ್ದರೆ ಮೊದಲು ಕಾಗುಣಿತವನ್ನು ಅನುಮಾನಿಸಿ. ‘ಹಲಸಿನ ಹಪ್ಪಳ’ ಒಂದು ವರ್ಷ, ‘ಹಲಸಿನಹಪ್ಪಳ’ ಇನ್ನೊಂದು ವರ್ಷ ಎಂದು ಬರೆದಿದ್ದರೆ ಶೀಟ್‌ಗೆ ಅವು ಎರಡು ಸರಕು. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ಸಾಂಬಾರ್’, ‘ಸಿರಪ್’ನಂಥ ಪದಗಳ ಕೊನೆಯ ಅರ್ಧಾಕ್ಷರದ ಬಳಿ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತವೆ. ಎರಡು ಹೆಸರು ನೋಡಲು ಒಂದೇ, ಆದರೂ ಬೇರೆಯೆಂದು ಎಣಿಕೆಯಾಗಬಹುದು. `=LEN(A2)` ಎರಡಕ್ಕೂ ಬೇರೆ ಸಂಖ್ಯೆ ಕೊಟ್ಟರೆ ಕಾರಣ ಇದೇ ಇರಬಹುದು. `TRIM` ಇದನ್ನು ತೆಗೆಯುವುದಿಲ್ಲ, `=SUBSTITUTE(A2,UNICHAR(8204),"")` ತೆಗೆಯುತ್ತದೆ. ಇದಕ್ಕಿಂತ ಒಳ್ಳೆಯ ದಾರಿ, ವಹಿಯಲ್ಲಿ ಹೆಸರನ್ನು ಟೈಪ್ ಮಾಡದೆ Data Validation ಪಟ್ಟಿಯಿಂದ ಆರಿಸುವುದು.

ಎರಡನೆಯ ಸುಳ್ಳು, ಮೊತ್ತದಿಂದ ಬರುತ್ತದೆ. ನಮ್ಮಲ್ಲಿ ಮೊತ್ತವನ್ನು ‘24,000/-’ ಎಂದು ಬರೆಯುವ ರೂಢಿ ಇದೆ. ಶೀಟ್‌ಗೆ ಅದು ಸಂಖ್ಯೆಯಲ್ಲ, ಅಕ್ಷರ. `SUMIFS` ಅಕ್ಷರಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ದೋಷ ತೋರಿಸುವುದಿಲ್ಲ. ಹೋದ ವರ್ಷದ ನಮೂದೆಲ್ಲ ಹೀಗಿದ್ದರೆ ಹಳೆಯ ಮೊತ್ತ ಸೊನ್ನೆಯಾಗಿ ಅಪ್ಪೆಮಿಡಿ ಉಪ್ಪಿನಕಾಯಿ ‘ಮರಳಿದೆ’ ಎಂದು ಬಂದು ನಿಲ್ಲುತ್ತದೆ. ತಾರೀಖು ಅಕ್ಷರವಾಗಿ ಕೂತಿದ್ದರೂ ಆ ಸಾಲು ಎಣಿಕೆಗೆ ಬಾರದು, ಮೊದಲ ತಾರೀಖಿನ ಸಾಕ್ಷಿಯೂ ಕೆಡುತ್ತದೆ. ಎರಡನ್ನೂ ಹಿಡಿಯಲು ಇವು ಸಾಕು:

```
=COUNTA(Sales!A2:A5000)-COUNT(Sales!A2:A5000)
=COUNTA(Sales!C2:C5000)-COUNT(Sales!C2:C5000)
```

ಉತ್ತರ ಎರಡರಲ್ಲೂ ಸೊನ್ನೆ ಇರಬೇಕು. ಸೊನ್ನೆ ಅಲ್ಲದಿದ್ದರೆ ಅಷ್ಟು ನಮೂದುಗಳು ಅಕ್ಷರವಾಗಿವೆ ಎಂದರ್ಥ. ಅವನ್ನು ಸರಿಪಡಿಸುವವರೆಗೆ F ಕಾಲಂನ ಯಾವ ‘ಹೊಸದು’, ಯಾವ ‘ಮರಳಿದೆ’ಯನ್ನೂ ನಂಬಬೇಡಿ, ವರದಿಯನ್ನು ಯಾರಿಗೂ ಕಳಿಸಬೇಡಿ.